ಒಟಿಪಿ ಬರುತ್ತಿಲ್ಲವೇ? ತಡೆ ಎಲ್ಲಿದೆ ಎಂದು ಹಂತ ಹಂತವಾಗಿ ಪತ್ತೆ ಹಚ್ಚುವ ಕ್ರಮ

ಒಟಿಪಿ ಬಾರದಿದ್ದಾಗ ಹೆಚ್ಚಿನವರು ಮಾಡುವುದು ಮೂರು ಕೆಲಸ. ಮತ್ತೆ ಕಳುಹಿಸಿ ಎಂಬ ಗುಂಡಿಯನ್ನು ಒತ್ತುತ್ತಲೇ ಇರುತ್ತಾರೆ, ಫೋನ್ ಆರಿಸಿ ಹಚ್ಚುತ್ತಾರೆ, ಕೊನೆಗೆ ಬ್ಯಾಂಕಿಗೆ ಕರೆ ಮಾಡುತ್ತಾರೆ. ಬ್ಯಾಂಕಿನವರು ‘ನಾವು ಕಳುಹಿಸಿದ್ದೇವೆ, ಮೊಬೈಲ್ ಕಂಪನಿಯನ್ನು ಕೇಳಿ’ ಎನ್ನುತ್ತಾರೆ. ಮೊಬೈಲ್ ಕಂಪನಿಯವರು ‘ನಮ್ಮಲ್ಲಿ ಏನೂ ತೊಂದರೆ ಇಲ್ಲ, ಬ್ಯಾಂಕನ್ನು ಕೇಳಿ’ ಎನ್ನುತ್ತಾರೆ. ಈ ಸುತ್ತಾಟಕ್ಕೆ ಕಾರಣ ಒಂದೇ: ಸಂದೇಶ ಎಲ್ಲಿ ನಿಂತಿದೆ ಎಂದು ಮೊದಲು ತಿಳಿದುಕೊಳ್ಳದೆ ಪರಿಹಾರಕ್ಕೆ ಕೈ ಹಾಕುವುದು.

ಒಟಿಪಿ ನಿಮ್ಮ ಕೈಗೆ ಬರುವ ಮೊದಲು ಮೂರು ಕಡೆ ನಿಲ್ಲಬಹುದು. ಕಳುಹಿಸುವವರಿಂದ ಮೊಬೈಲ್ ಕಂಪನಿಗೆ ಹೋದಾಗ ಅಲ್ಲಿನ ಜರಡಿಯಲ್ಲಿ ಸಿಕ್ಕಿಕೊಳ್ಳಬಹುದು. ಕಂಪನಿಯಿಂದ ನಿಮ್ಮ ಫೋನಿಗೆ ಬರುವಾಗ ಸಿಗ್ನಲ್ ಇಲ್ಲದೆ ನಿಲ್ಲಬಹುದು. ಫೋನಿಗೆ ಬಂದು ತಲುಪಿಯೂ ನೀವೇ ಹಿಂದೊಮ್ಮೆ ಹಾಕಿದ ತಡೆಯಿಂದ ಕಣ್ಣಿಗೆ ಬೀಳದೆ ಹೋಗಬಹುದು. ಕೆಳಗಿನ ಕ್ರಮ ಭಾರತದ ಮೊಬೈಲ್ ಸಂಖ್ಯೆಗಳಿಗೆ ಅನ್ವಯಿಸುತ್ತದೆ. ಹಂತಗಳನ್ನು ಬರೆದ ಕ್ರಮದಲ್ಲಿಯೇ ಮಾಡಿ, ಏಕೆಂದರೆ ಒಂದರ ಉತ್ತರ ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥ ಕೊಡುವುದಿಲ್ಲ.

## ಮೊದಲು ಬೇಕಾದವು

ಪಕ್ಕದಲ್ಲಿ ಇನ್ನೊಬ್ಬರ ಫೋನ್ ಇರಲಿ. ಅದು ನಿಮ್ಮದೇ ಕಂಪನಿಯ ಸಿಮ್ ಇರುವ ಫೋನ್ ಆದರೆ ಇನ್ನೂ ಒಳ್ಳೆಯದು. ಒಂದು ಕಾಗದ, ಪೆನ್ನು ಇಟ್ಟುಕೊಂಡು ಯಾವ ಗಂಟೆ ಯಾವ ನಿಮಿಷಕ್ಕೆ ಒಟಿಪಿ ಕೇಳಿದಿರಿ ಎಂದು ಬರೆದುಕೊಳ್ಳಿ. ದೂರು ಕೊಡುವ ಹಂತ ಬಂದರೆ ಈ ಸಮಯವೇ ನಿಮ್ಮ ಸಾಕ್ಷಿ. ಸಾಧ್ಯವಿದ್ದರೆ ಮನೆಯ ವೈ-ಫೈ ಸಂಪರ್ಕವೂ ಇರಲಿ.

## ಹಂತ 1: ಗುಂಡಿ ಒತ್ತುವುದನ್ನು ನಿಲ್ಲಿಸಿ, ಸಂಖ್ಯೆಯನ್ನು ನೋಡಿ

ಹೊಸ ಒಟಿಪಿ ಕೇಳಿದ ಕೂಡಲೇ ಹಳೆಯದು ಸಾಮಾನ್ಯವಾಗಿ ರದ್ದಾಗುತ್ತದೆ. ಸಂದೇಶಗಳು ತಡವಾಗಿ ಬರುವ ದಿನ ಇದರಿಂದ ಆಗುವ ತೊಂದರೆ ಹೀಗಿದೆ: ನೀವು ನಾಲ್ಕು ಸಲ ಒತ್ತಿದ್ದೀರಿ, ಮೊದಲನೆಯದು ಈಗ ಬಂದಿದೆ, ಅದನ್ನು ಹಾಕಿದರೆ ‘ತಪ್ಪು ಒಟಿಪಿ’ ಎಂದು ತೋರಿಸುತ್ತದೆ. ಗಾಬರಿಯಾಗಿ ಐದನೆಯದನ್ನು ಕೇಳುತ್ತೀರಿ. ಅಷ್ಟರಲ್ಲಿ ಪ್ರಯತ್ನಗಳ ಮಿತಿ ಮೀರಿ ಖಾತೆಯೇ ಕೆಲಕಾಲ ಬಂದ್ ಆಗುತ್ತದೆ. ಒಮ್ಮೆ ಕೇಳಿದ ಮೇಲೆ ಕನಿಷ್ಠ ಮೂರು ನಿಮಿಷ ಕಾಯಿರಿ. ಒಂದಕ್ಕಿಂತ ಹೆಚ್ಚು ಬಂದರೆ ಕೊನೆಗೆ ಕೇಳಿದ್ದನ್ನು ಮಾತ್ರ ಹಾಕಿ.

ಕಾಯುವಾಗ ಪರದೆಯನ್ನು ಗಮನಿಸಿ. ಒಟಿಪಿಯನ್ನು ಯಾವ ಸಂಖ್ಯೆಗೆ ಕಳುಹಿಸಲಾಗಿದೆ ಎಂದು ಕೊನೆಯ ಕೆಲವು ಅಂಕೆಗಳನ್ನು ತೋರಿಸುವುದು ವಾಡಿಕೆ. ಅವು ನಿಮ್ಮ ಈಗಿನ ಸಂಖ್ಯೆಯವೇ? ಮಗನ ಸಂಖ್ಯೆಯೋ, ವರ್ಷಗಳ ಹಿಂದೆ ಬಿಟ್ಟ ಹಳೆಯ ಸಂಖ್ಯೆಯೋ ದಾಖಲೆಯಲ್ಲಿ ಉಳಿದಿರುವುದು ಬಹಳ ಸಾಮಾನ್ಯ. ಆಧಾರ್ ವಿಷಯದಲ್ಲಿ ಅನುಮಾನವಿದ್ದರೆ myaadhaar.uidai.gov.in ತಾಣದಲ್ಲಿ ನಿಮ್ಮ ಮೊಬೈಲ್ ಸಂಖ್ಯೆ ಆಧಾರ್‌ಗೆ ಜೋಡಣೆಯಾಗಿದೆಯೇ ಎಂದು ಪರೀಕ್ಷಿಸಬಹುದು. ಅಂಕೆಗಳು ಬೇರೆಯಾಗಿದ್ದರೆ ಮುಂದಿನ ಯಾವ ಹಂತವೂ ಬೇಡ. ಸಂಖ್ಯೆ ಬದಲಾಯಿಸಲು ಬ್ಯಾಂಕಿನ ಶಾಖೆಗೆ ಅಥವಾ ಆಧಾರ್ ಕೇಂದ್ರಕ್ಕೆ ಹೋಗಬಹುದು.

## ಹಂತ 2: ಎರಡು ಪರೀಕ್ಷೆ ಮಾಡಿ

ಈ ಹಂತವನ್ನು ಬಿಟ್ಟವರೇ ಹೆಚ್ಚು ಅಲೆಯುತ್ತಾರೆ. ಎರಡೂ ಪರೀಕ್ಷೆ ಸೇರಿ ಐದು ನಿಮಿಷದ ಕೆಲಸ.

ಮೊದಲನೆಯದು: ಪಕ್ಕದವರ ಫೋನಿನಿಂದ ನಿಮ್ಮ ಸಂಖ್ಯೆಗೆ ಒಂದು ಸಾದಾ ಎಸ್‌ಎಂಎಸ್ ಕಳುಹಿಸಲು ಹೇಳಿ. ವಾಟ್ಸ್‌ಆ್ಯಪ್ ಸಂದೇಶ ಬೇಡ, ಅದು ಇಂಟರ್ನೆಟ್ಟಿನ ಮೂಲಕ ಬರುತ್ತದೆ. ಗೂಗಲ್ ಮೆಸೇಜಸ್ ಬಳಸುವವರು ಇನ್ನೊಂದು ವಿಷಯ ನೋಡಬೇಕು. ಆ ಆ್ಯಪ್‌ನಲ್ಲಿ RCS ಚಾಲೂ ಇದ್ದರೆ ಸಂದೇಶ ಇಂಟರ್ನೆಟ್ಟಿನಲ್ಲಿಯೇ ಹೋಗಿಬಿಡುತ್ತದೆ, ಆಗ ಪರೀಕ್ಷೆ ಸುಳ್ಳು ಹೇಳುತ್ತದೆ. ಕಳುಹಿಸುವವರು ಆ ಹೊತ್ತಿಗೆ RCS ಆರಿಸಿರಲಿ.

ಎರಡನೆಯದು: ಒಟಿಪಿ ಬಾರದ ಸಂಸ್ಥೆಯನ್ನು ಬಿಟ್ಟು ಬೇರೊಂದು ಸಂಸ್ಥೆಯಿಂದ ಒಟಿಪಿ ತರಿಸಿ. ಅಡುಗೆ ಅನಿಲದ ಆ್ಯಪ್, ರೈಲು ಟಿಕೆಟಿನ ಖಾತೆ, ಯಾವುದಾದರೂ ಅಂಗಡಿ ತಾಣದ ಲಾಗಿನ್, ಯಾವುದಾದರೂ ಸರಿ.

ಎರಡೂ ಬರಲಿಲ್ಲವೆಂದರೆ ತೊಂದರೆ ಸಿಗ್ನಲ್‌ನಲ್ಲಿದೆ ಅಥವಾ ಸಿಮ್‌ನಲ್ಲಿದೆ. ನೇರವಾಗಿ ಹಂತ 4ಕ್ಕೆ ಹೋಗಿ. ಸಾದಾ ಎಸ್‌ಎಂಎಸ್ ಬಂದು ಸಂಸ್ಥೆಗಳ ಯಾವ ಒಟಿಪಿಯೂ ಬರಲಿಲ್ಲವೆಂದರೆ ಫೋನಿನ ಸ್ಪ್ಯಾಮ್ ಜರಡಿಯ ಮೇಲೆ ಅನುಮಾನ ಪಡಬೇಕು, ಹಂತ 3. ಎರಡೂ ಬಂದು ಒಂದೇ ಸಂಸ್ಥೆಯದು ಮಾತ್ರ ಬಾರದಿದ್ದರೆ ನೀವು ಆ ಸಂಸ್ಥೆಯನ್ನು ತಡೆಹಿಡಿದಿರಬಹುದು ಅಥವಾ ತಪ್ಪು ಆ ಸಂಸ್ಥೆಯದೇ ಇರಬಹುದು. ಹಂತ 3 ಮುಗಿಸಿ ಹಂತ 5ಕ್ಕೆ ಹೋಗಿ.

## ಹಂತ 3: ನೀವೇ ಹಾಕಿದ ತಡೆಯನ್ನು ಹುಡುಕಿ

ಸಂಸ್ಥೆಗಳ ಸಂದೇಶ ಹತ್ತಂಕಿಯ ಸಂಖ್ಯೆಯಿಂದ ಬರುವುದಿಲ್ಲ, ಒಂದು ಹೆಸರಿನಿಂದ ಬರುತ್ತದೆ. ಆ ಹೆಸರಿನ ರಚನೆಯನ್ನು ತಿಳಿದುಕೊಂಡರೆ ಒಂದು ದೊಡ್ಡ ಒಗಟು ಬಿಡಿಸಿದ ಹಾಗೆ. ABCBNK ಎಂಬುದು ಒಂದು ಕಲ್ಪಿತ ಬ್ಯಾಂಕಿನ ಹೆಸರು ಎಂದುಕೊಳ್ಳಿ. ಅದರ ಸಂದೇಶಗಳು ಹೀಗೆ ಕಾಣಿಸಬಹುದು:

```
AD-ABCBNK-T
VM-ABCBNK-T
JD-ABCBNK-S
```

ಮೊದಲ ಅಕ್ಷರ ಸಂದೇಶ ಯಾವ ಮೊಬೈಲ್ ಕಂಪನಿಯ ಮೂಲಕ ಹೊರಟಿತು ಎಂಬುದನ್ನು ಹೇಳುತ್ತದೆ, ಎರಡನೆಯದು ಯಾವ ದೂರಸಂಪರ್ಕ ವಲಯದಿಂದ ಎಂಬುದನ್ನು. ನಡುವಿನದು ಸಂಸ್ಥೆಯ ನೋಂದಾಯಿತ ಹೆಸರು. ಕೊನೆಯ ಅಕ್ಷರ 2025ರಿಂದ ಸೇರಿಕೊಂಡಿದೆ: P ಎಂದರೆ ಜಾಹೀರಾತು, S ಎಂದರೆ ಸೇವೆ, T ಎಂದರೆ ವಹಿವಾಟು, G ಎಂದರೆ ಸರ್ಕಾರ. ಒಂದೇ ಬ್ಯಾಂಕು ಇವತ್ತು ಒಂದು ದಾರಿಯಲ್ಲಿ, ನಾಳೆ ಇನ್ನೊಂದು ದಾರಿಯಲ್ಲಿ ಸಂದೇಶ ಕಳುಹಿಸುತ್ತದೆ. ಆದರೆ ನಿಮ್ಮ ಫೋನಿನ ಕಣ್ಣಿಗೆ AD-ABCBNK-T ಮತ್ತು VM-ABCBNK-T ಬೇರೆ ಬೇರೆ ವ್ಯಕ್ತಿಗಳು. ಒಂದನ್ನು ತಡೆಹಿಡಿದರೆ ಇನ್ನೊಂದು ಬರುತ್ತಲೇ ಇರುತ್ತದೆ. ‘ಒಮ್ಮೊಮ್ಮೆ ಬರುತ್ತದೆ, ಒಮ್ಮೊಮ್ಮೆ ಬರುವುದಿಲ್ಲ’ ಎಂಬ ದೂರಿನ ಹಿಂದೆ ಇದು ಇರುವ ಸಾಧ್ಯತೆಯನ್ನು ಮೊದಲು ಪರೀಕ್ಷಿಸಬೇಕು.

ಗೂಗಲ್ ಮೆಸೇಜಸ್‌ನಲ್ಲಿ ಮೇಲಿನ ನಿಮ್ಮ ಚಿತ್ರವನ್ನು ಒತ್ತಿ Spam & blocked ತೆರೆಯಿರಿ. ಅಲ್ಲಿರುವ ಪ್ರತಿಯೊಂದು ಹೆಸರಿನ ನಡುವಿನ ಆರು ಅಕ್ಷರಗಳನ್ನು ಓದಿ. ಬ್ಯಾಂಕಿನದು, ಆಧಾರ್‌ದು, ಅನಿಲ ಕಂಪನಿಯದು ಕಂಡರೆ ಆ ಸಂಭಾಷಣೆಯನ್ನು ತೆರೆದು Unblock ಒತ್ತಿ. ಅದೇ ಬ್ಯಾಂಕಿನ ಬೇರೆ ರೂಪಗಳೂ ಇವೆಯೇ ಎಂದು ಪಟ್ಟಿಯ ತುದಿಯವರೆಗೆ ನೋಡಿ. ಒಂದನ್ನು ತೆಗೆದು ನಿಲ್ಲಿಸುವುದು ಇಲ್ಲಿನ ದೊಡ್ಡ ತಪ್ಪು. ತಡೆಹಿಡಿದ ಸಂದೇಶವನ್ನು ಎಲ್ಲ ಫೋನ್‌ಗಳೂ ಉಳಿಸಿಕೊಳ್ಳುವುದಿಲ್ಲ. ಐಫೋನಿನಲ್ಲಿ ತಡೆಹಿಡಿದವರ ಸಂದೇಶ ಮತ್ತೆ ಸಿಗುವುದೇ ಇಲ್ಲ. ಆದ್ದರಿಂದ ಬಂದ ಸಂದೇಶಗಳನ್ನಷ್ಟೇ ಹುಡುಕದೆ ತಡೆಪಟ್ಟಿಯನ್ನೇ ನೋಡಬೇಕು.

ಕರೆ ಗುರುತಿಸುವ ಆ್ಯಪ್ ಒಂದು ನಿಮ್ಮ ಫೋನಿನ ಮುಖ್ಯ ಎಸ್‌ಎಂಎಸ್ ಆ್ಯಪ್ ಆಗಿ ಕುಳಿತಿದ್ದರೆ ಅದಕ್ಕೆ ತನ್ನದೇ ಸ್ಪ್ಯಾಮ್ ಪೆಟ್ಟಿಗೆ, ತನ್ನದೇ ತಡೆಪಟ್ಟಿ ಇರುತ್ತದೆ. ಎರಡೂ ಕಡೆ ನೋಡಿ. ಐಫೋನಿನಲ್ಲಿ ಗೊತ್ತಿಲ್ಲದವರ ಸಂದೇಶಗಳನ್ನು ಪ್ರತ್ಯೇಕಿಸುವ ಸೌಲಭ್ಯ ಚಾಲೂ ಇದ್ದರೆ ಒಟಿಪಿ ಬಂದರೂ ಸದ್ದಾಗದೆ ಬೇರೆ ಪಟ್ಟಿಯಲ್ಲಿ ಕುಳಿತಿರುತ್ತದೆ. ಇನ್ನೊಂದು ಮಾತು: ಗೂಗಲ್ ಮೆಸೇಜಸ್‌ನಲ್ಲಿ ಒಟಿಪಿಗಳನ್ನು 24 ಗಂಟೆಗಳ ನಂತರ ತಾನಾಗಿ ಅಳಿಸುವ ಆಯ್ಕೆ ಇದೆ. ‘ನಿನ್ನೆ ಬಂದದ್ದೂ ಕಾಣುತ್ತಿಲ್ಲ’ ಎನ್ನುವವರು ಅದನ್ನು ನೋಡಬೇಕು, ಅದು ದೋಷವಲ್ಲ.

ಫೋನಿನ ಜಾಗ ಪೂರ್ತಿ ತುಂಬಿದ್ದರೂ ಎಸ್‌ಎಂಎಸ್ ಒಳಗೆ ಬರುವುದಿಲ್ಲ. ಶುಭೋದಯದ ಚಿತ್ರ, ವಿಡಿಯೊಗಳಿಂದ ಫೋನ್ ತುಂಬಿಕೊಂಡವರು ಒಂದಿಷ್ಟು ಅಳಿಸಿ ಮತ್ತೆ ಪ್ರಯತ್ನಿಸಲಿ.

## ಹಂತ 4: ಸಿಗ್ನಲ್ ಮತ್ತು ಸಿಮ್

ಎಸ್‌ಎಂಎಸ್‌ಗೆ ಮೊಬೈಲ್ ಡೇಟಾ ಬೇಡ. ಡೇಟಾ ಹಚ್ಚಿ ಆರಿಸಿ ಮಾಡುವುದರಿಂದ ಒಟಿಪಿ ಬರುವುದಿಲ್ಲ. ಹಾಗೆಯೇ ಯೂಟ್ಯೂಬ್ ಓಡುತ್ತಿದೆ ಎಂದ ಮಾತ್ರಕ್ಕೆ ಎಸ್‌ಎಂಎಸ್ ಬರುತ್ತದೆ ಎಂದೂ ಅಲ್ಲ. 4ಜಿ ಜಾಲದಲ್ಲಿ ಸಂದೇಶ ಹೆಚ್ಚಾಗಿ ಕರೆಯ ವ್ಯವಸ್ಥೆಯ ಜೊತೆಗೇ ಸಾಗುತ್ತದೆ. ಆದ್ದರಿಂದ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಸಿಮ್‌ಗೆ 4ಜಿಯಲ್ಲೇ ಕರೆ ಸಾಗಿಸುವ VoLTE ಚಾಲೂ ಇದೆಯೇ ನೋಡಿ, ಮುಖ್ಯವಾಗಿ 2ಜಿ, 3ಜಿ ಜಾಲವೇ ಇಲ್ಲದ ಜಿಯೊ ಬಳಸುವವರು.

ನಿಮ್ಮ ಫೋನ್ ಸಿಗದಿದ್ದಾಗ ಕಂಪನಿ ಸಂದೇಶವನ್ನು ಕೂಡಲೇ ಎಸೆಯುವುದಿಲ್ಲ. ತನ್ನಲ್ಲಿ ಇಟ್ಟುಕೊಂಡು, ಫೋನ್ ಜಾಲಕ್ಕೆ ಮತ್ತೆ ಸೇರಿದ ಸುದ್ದಿ ಬಂದಾಗ ಕಳುಹಿಸುತ್ತದೆ. ಏರೋಪ್ಲೇನ್ ಮೋಡ್ ಹಾಕಿ ತೆಗೆದಾಗ ಒಟಿಪಿಗಳು ಒಮ್ಮೆಲೇ ಸುರಿಯುವುದು ಇದೇ ಕಾರಣಕ್ಕೆ. ಹತ್ತು ಸೆಕೆಂಡ್ ಏರೋಪ್ಲೇನ್ ಮೋಡ್‌ನಲ್ಲಿಟ್ಟು ತೆಗೆಯಿರಿ, ಒಂದು ನಿಮಿಷ ಕಾಯಿರಿ. ಬಂದ ಹಳೆಯ ಒಟಿಪಿಗಳನ್ನು ಬಳಸಬೇಡಿ. ಈಗ ಹೊಸದೊಂದನ್ನು ಕೇಳಿ.

ಮಲೆನಾಡಿನ ತಗ್ಗಿನ ಮನೆಗಳಲ್ಲಿ, ಕಾಂಕ್ರೀಟ್ ಕಟ್ಟಡದ ಒಳಕೋಣೆಗಳಲ್ಲಿ ಇದಷ್ಟೇ ಸಾಲದು. ಅಲ್ಲಿ ಸಿಗ್ನಲ್ ಪಟ್ಟಿ ಒಂದು ಬಂದು ಹೋಗುತ್ತಿರುತ್ತದೆ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ಪರಿಹಾರ ವೈ-ಫೈ ಕರೆ. ಆಂಡ್ರಾಯ್ಡ್‌ನಲ್ಲಿ ಸಿಮ್ ಸೆಟ್ಟಿಂಗ್ಸ್ ಒಳಗೆ Wi-Fi calling ಎಂದಿರುತ್ತದೆ. ಫೋನೂ ಕಂಪನಿಯೂ ಇದಕ್ಕೆ ಒಪ್ಪಬೇಕು. ಇದು ಚಾಲೂ ಆದರೆ ಕರೆಯ ಜೊತೆಗೆ ಎಸ್‌ಎಂಎಸ್ ಕೂಡ ವೈ-ಫೈ ಮೂಲಕ ಬರಬಲ್ಲದು. ಆದರೂ ಬಾರದಿದ್ದರೆ ಫೋನ್ ಆ ಸಾಯುತ್ತಿರುವ ಸಿಗ್ನಲ್ಲಿಗೇ ಜೋತುಬಿದ್ದಿದೆ ಎಂದರ್ಥ. ಏರೋಪ್ಲೇನ್ ಮೋಡ್ ಹಾಕಿ, ಹಾಗೆಯೇ ಇಟ್ಟು, ವೈ-ಫೈ ಮಾತ್ರ ಹಚ್ಚಿ. ಮೇಲೆ ವೈ-ಫೈ ಕರೆಯ ಗುರುತು ಬಂದ ಮೇಲೆ ಒಟಿಪಿ ಕೇಳಿ.

ಬ್ರಾಡ್‌ಬ್ಯಾಂಡ್ ಇಲ್ಲದವರು ಮನೆಯಲ್ಲಿ ವಹಿವಾಟು ಶುರು ಮಾಡಿ ಒಟಿಪಿಗಾಗಿ ಗುಡ್ಡ ಹತ್ತುವುದು ಬೇಡ. ಹತ್ತುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಸಿಗ್ನಲ್ ಇರುವಲ್ಲಿಗೆ ಹೋಗಿ ಅಲ್ಲಿಂದಲೇ ಶುರು ಮಾಡಿ.

ಎರಡು ಸಿಮ್ ಇರುವವರಿಗೆ ಒಂದು ಸೂಚನೆ. ಬಹಳಷ್ಟು ಫೋನ್‌ಗಳಲ್ಲಿ ಒಂದು ಸಿಮ್‌ನಲ್ಲಿ ಮಾತನಾಡುತ್ತಿರುವಾಗ ಇನ್ನೊಂದು ಸಿಮ್ ಜಾಲಕ್ಕೆ ಸಿಗುವುದಿಲ್ಲ. ಬ್ಯಾಂಕಿನ ಸಹಾಯವಾಣಿಗೆ ಮೊದಲ ಸಿಮ್‌ನಿಂದ ಕರೆ ಮಾಡಿ, ಎರಡನೆಯ ಸಿಮ್‌ಗೆ ಒಟಿಪಿ ಬರಲಿ ಎಂದು ಕಾಯುತ್ತಾ ಕುಳಿತರೆ ಕರೆ ಮುಗಿಯುವವರೆಗೂ ಬಾರದು. ಬ್ಯಾಂಕಿಗೆ ಜೋಡಿಸಿದ ಸಂಖ್ಯೆಯಿಂದಲೇ ಕರೆ ಮಾಡಿ, ಇಲ್ಲವೇ ಬೇರೆ ಫೋನಿನಿಂದ ಮಾಡಿ.

ಇನ್ನು ಸಿಮ್. ರೀಚಾರ್ಜ್ ಅವಧಿ ಮುಗಿದು ದಿನಗಳಾದರೆ ಒಳಬರುವ ಎಸ್‌ಎಂಎಸ್ ಕೂಡ ನಿಲ್ಲುತ್ತದೆ. ಕೇವಲ ಒಟಿಪಿಗಾಗಿ ಇಟ್ಟುಕೊಂಡ ಎರಡನೆಯ ಸಿಮ್‌ನಲ್ಲಿ, ವಿದೇಶದಲ್ಲಿರುವವರ ಊರಿನ ಸಿಮ್‌ನಲ್ಲಿ ಇದನ್ನೇ ಮೊದಲು ನೋಡಬೇಕು. ವಿದೇಶದಲ್ಲಿರುವವರ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ಕೂಡ ಚಾಲೂ ಇರಬೇಕು. ಸಿಮ್ ಬದಲಾಯಿಸಿದ್ದರೆ ಅಥವಾ ಇ-ಸಿಮ್‌ಗೆ ಬದಲಾಗಿದ್ದರೆ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಇದು ಕಂಪನಿಯ ಸೋಮಾರಿತನವಲ್ಲ. ನಕಲಿ ಸಿಮ್ ಪಡೆದು ಖಾತೆ ದೋಚುವವರನ್ನು ತಡೆಯಲು ದೂರಸಂಪರ್ಕ ಇಲಾಖೆ 2022ರಲ್ಲಿ ಹೇಳಿದ ಕ್ರಮ. ಈ ಅವಧಿಯಲ್ಲಿ ಏನು ಮಾಡಿದರೂ ಪ್ರಯೋಜನವಿಲ್ಲ. ತುರ್ತು ಪಾವತಿ ಇದ್ದರೆ ಅದನ್ನು ಮುಗಿಸಿಯೇ ಸಿಮ್ ಬದಲಾಯಿಸಿ.

## ಹಂತ 5: ಮೊಬೈಲ್ ಕಂಪನಿಯ ಜರಡಿ

ಮೊದಲು ಒಂದು ತಪ್ಪು ತಿಳಿವಳಿಕೆ. ಡಿಎನ್‌ಡಿ ಹಾಕಿಸಿದ್ದರಿಂದ ಒಟಿಪಿ ನಿಂತಿದೆ ಎಂದು ಅನೇಕರು 1909ಕ್ಕೆ ಸಂದೇಶ ಕಳುಹಿಸಿ ಅದನ್ನು ತೆಗೆಸುತ್ತಾರೆ. ಡಿಎನ್‌ಡಿ ತಡೆಯುವುದು ಜಾಹೀರಾತನ್ನು; ಒಟಿಪಿಗೆ ಅದು ಅನ್ವಯಿಸುವುದಿಲ್ಲ. ತೆಗೆಸಿದರೆ ಸಾಲದ ಜಾಹೀರಾತುಗಳ ಮಳೆ ಶುರುವಾಗುತ್ತದೆ, ಒಟಿಪಿ ಮಾತ್ರ ಬರುವುದಿಲ್ಲ. ಹಾಗೆಯೇ ಫೋನಿನಲ್ಲಿರುವ ಸಂದೇಶ ಕೇಂದ್ರದ ಸಂಖ್ಯೆಯನ್ನು ಬದಲಾಯಿಸಿ ಎಂಬ ಸಲಹೆ ವಿಡಿಯೊಗಳಲ್ಲಿ ಸಿಗುತ್ತದೆ. ಆ ಸಂಖ್ಯೆ ನೀವು ಕಳುಹಿಸುವ ಸಂದೇಶಕ್ಕೆ ಮಾತ್ರ ಸಂಬಂಧಿಸಿದ್ದು. ಯುಪಿಐ ನೋಂದಣಿಯಲ್ಲಿ ನಿಮ್ಮ ಫೋನಿನಿಂದ ಎಸ್‌ಎಂಎಸ್ ಹೋಗಬೇಕಾದಾಗ ಅದು ಮುಖ್ಯವಾಗಬಹುದು, ಒಟಿಪಿ ಬರುವುದಕ್ಕೆ ಅಲ್ಲ.

ಕಂಪನಿಯ ನಿಜವಾದ ಜರಡಿ ಬೇರೆ ಇದೆ. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2018ರ ನಿಯಮದಂತೆ ಸಂದೇಶ ಕಳುಹಿಸುವ ಪ್ರತಿ ಸಂಸ್ಥೆಯೂ ತನ್ನ ಹೆಸರನ್ನೂ ಸಂದೇಶದ ಮಾದರಿ ವಾಕ್ಯವನ್ನೂ ಮೊದಲೇ ನೋಂದಾಯಿಸಬೇಕು. ಒಟಿಪಿ ಹೊರಟಾಗ ಕಂಪನಿಯ ಯಂತ್ರ ಅದನ್ನು ನೋಂದಾಯಿತ ಮಾದರಿಯೊಂದಿಗೆ ತಾಳೆ ನೋಡುತ್ತದೆ. ಸಂಸ್ಥೆಯವರು ನೋಂದಾಯಿಸದೆ ವಾಕ್ಯವನ್ನು ಬದಲಾಯಿಸಿದ್ದರೆ ಸಂದೇಶ ಅಲ್ಲಿಯೇ ಸಾಯುತ್ತದೆ. 2021ರ ಮಾರ್ಚ್‌ನಲ್ಲಿ ಈ ತಾಳೆ ಬಿಗಿಯಾದಾಗ ದೇಶದಾದ್ಯಂತ ಒಟಿಪಿಗಳು ನಿಂತು, ಟ್ರಾಯ್ ಅದನ್ನು ಒಂದು ವಾರ ತಡೆಹಿಡಿಯಬೇಕಾಗಿ ಬಂತು. ಇಲ್ಲಿ ನಿಮ್ಮ ಫೋನಿನಲ್ಲಿ ಸರಿಪಡಿಸುವಂಥದ್ದು ಏನೂ ಇಲ್ಲ.

ಇದನ್ನು ಗುರುತಿಸುವುದು ಹೇಗೆ? ಅದೇ ಸಂಸ್ಥೆಯ ಒಟಿಪಿಯನ್ನು ಪಕ್ಕದವರು ತಮ್ಮ ಖಾತೆಗೆ ತರಿಸಲಿ. ಅವರಿಗೂ ಬಾರದಿದ್ದರೆ, ಬೇರೆ ಸಂಸ್ಥೆಗಳದು ಇಬ್ಬರಿಗೂ ಬರುತ್ತಿದ್ದರೆ ತಪ್ಪು ಕಳುಹಿಸುವ ಕಡೆ ಇದೆ. ಕೆಲವು ಗಂಟೆ ಬಿಟ್ಟು ಪ್ರಯತ್ನಿಸಿ, ಇಲ್ಲವೇ ಇಮೇಲ್, ಕರೆ ಅಥವಾ ಬ್ಯಾಂಕಿನ ಆ್ಯಪ್ ಮೂಲಕ ದೃಢೀಕರಿಸುವ ದಾರಿ ಇದೆಯೇ ನೋಡಿ.

## ಒಂದು ಪ್ರಕರಣ, ಮೊದಲಿನಿಂದ ಕೊನೆಯವರೆಗೆ

ಕೊಪ್ಪ ತಾಲ್ಲೂಕಿನ ಒಂದು ಮನೆ ಎಂದುಕೊಳ್ಳಿ. ನಿವೃತ್ತ ಶಿಕ್ಷಕರೊಬ್ಬರಿಗೆ ಬ್ಯಾಂಕಿನ ಒಟಿಪಿ ಮನೆಯಲ್ಲಿ ಬರುವುದೇ ಇಲ್ಲ, ಶಿವಮೊಗ್ಗಕ್ಕೆ ಮಗಳ ಮನೆಗೆ ಹೋದಾಗ ಕೆಲವೊಮ್ಮೆ ಬರುತ್ತದೆ. ಕೇಳಿದವರೆಲ್ಲ ‘ಸಿಗ್ನಲ್ ಸಮಸ್ಯೆ’ ಎಂದು ಬಿಡುತ್ತಾರೆ. ಆದರೆ ಆ ‘ಕೆಲವೊಮ್ಮೆ’ ಎಂಬ ಮಾತನ್ನು ಬಿಡಬಾರದು. ಶಿವಮೊಗ್ಗದಲ್ಲಿ ಸಿಗ್ನಲ್ ಸದಾ ಚೆನ್ನಾಗಿದ್ದರೆ ಅಲ್ಲಿ ಯಾವಾಗಲೂ ಬರಬೇಕಿತ್ತು.

ಮನೆಯಲ್ಲಿ ಎರಡು ಪರೀಕ್ಷೆ ಮಾಡಿದರೆ ಸಾದಾ ಎಸ್‌ಎಂಎಸ್ಸೂ ಇಲ್ಲ, ಬೇರೆ ಸಂಸ್ಥೆಯ ಒಟಿಪಿಯೂ ಇಲ್ಲ. ವೈ-ಫೈ ಕರೆ ಚಾಲೂ ಮಾಡಿ, ಏರೋಪ್ಲೇನ್ ಮೋಡ್‌ನಲ್ಲಿ ಮತ್ತೆ ಪರೀಕ್ಷಿಸಿದಾಗ ಎರಡೂ ಬಂದವು. ಸಿಗ್ನಲ್ಲಿನ ಭಾಗ ಮುಗಿಯಿತು. ಬ್ಯಾಂಕಿನ ಒಟಿಪಿ ಕೇಳಿದರೆ ಈಗಲೂ ಒಮ್ಮೆ ಬಂತು, ಮುಂದಿನ ಸಲ ಬರಲಿಲ್ಲ. ತಡೆಪಟ್ಟಿ ತೆರೆದಾಗ ಬ್ಯಾಂಕಿನ ಹೆಸರಿನ ಎರಡು ರೂಪಗಳು ಅಲ್ಲಿದ್ದವು. ಸಾಲದ ಜಾಹೀರಾತಿನಿಂದ ಬೇಸತ್ತು ಹಿಂದೆ ತಡೆಹಿಡಿದದ್ದು. ಎರಡನ್ನೂ ತೆಗೆದ ಮೇಲೆ ಪ್ರತಿ ಸಲವೂ ಬರತೊಡಗಿತು. ಎರಡು ಕಾರಣಗಳು ಒಂದರ ಮೇಲೊಂದು ಕುಳಿತಿರುವಾಗ ಮೊದಲನೆಯದು ಸರಿಯಾದ ಕೂಡಲೇ ನಿಲ್ಲಿಸಿದರೆ ದೂರು ಮರಳಿ ಬರುತ್ತದೆ. ಪರಿಹಾರ ಸಿಕ್ಕಿತು ಎಂದು ತೋರಿದ ಮೇಲೂ ಒಟಿಪಿಯನ್ನು ಬೇರೆ ಬೇರೆ ಹೊತ್ತಿನಲ್ಲಿ ಎರಡು ಮೂರು ಸಲ ತರಿಸಿ ನೋಡಿ. ಇನ್ನು ಮುಂದೆ ಜಾಹೀರಾತು ನಿಲ್ಲಿಸಬೇಕಾದರೆ ಹೆಸರಿನ ಕೊನೆಯಲ್ಲಿ P ಇರುವುದನ್ನು ಮಾತ್ರ ತಡೆಹಿಡಿಯಿರಿ.

## ಅಪಾಯದ ಲಕ್ಷಣಗಳು: ಇಲ್ಲಿ ಹಂತಗಳನ್ನು ಬಿಟ್ಟು ಕೂಡಲೇ ಎಚ್ಚೆತ್ತುಕೊಳ್ಳಿ

ಫೋನಿನಲ್ಲಿ ಏಕಾಏಕಿ ಸಿಗ್ನಲ್ ಪೂರ್ತಿ ಹೋಗಿದೆ, ಅದೇ ಕಂಪನಿಯ ಪಕ್ಕದವರ ಫೋನಿನಲ್ಲಿ ಇದೆ, ನೀವು ಸಿಮ್ ಬದಲಾಯಿಸಲು ಕೇಳಿಲ್ಲ. ಹೀಗಾದರೆ ನಿಮ್ಮ ಸಂಖ್ಯೆಗೆ ಬೇರೆ ಯಾರೋ ಹೊಸ ಸಿಮ್ ಪಡೆದಿರಬಹುದು. ಪಕ್ಕದವರ ಫೋನಿನಿಂದ ಮೊದಲು ಬ್ಯಾಂಕಿಗೆ ಕರೆ ಮಾಡಿ ಖಾತೆ ತಡೆಹಿಡಿಸಿ, ನಂತರ ಮೊಬೈಲ್ ಕಂಪನಿಗೆ ಹೇಳಿ.

ಇನ್ನೊಂದು ಲಕ್ಷಣ: ಮದುವೆ ಆಮಂತ್ರಣ, ವಾಹನದ ದಂಡದ ಚಲನ್ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದ .apk ಕಡತವನ್ನು ತೆರೆದ ಮೇಲೆ ಒಟಿಪಿಗಳು ಕಾಣುತ್ತಿಲ್ಲ. ಅಂಥ ಆ್ಯಪ್‌ಗಳು ಎಸ್‌ಎಂಎಸ್ ಓದುವ ಅನುಮತಿ ಪಡೆದು ಒಟಿಪಿಯನ್ನು ಕಳ್ಳರಿಗೆ ರವಾನಿಸುತ್ತವೆ. ಏರೋಪ್ಲೇನ್ ಮೋಡ್ ಹಾಕಿ, ವೈ-ಫೈಯನ್ನೂ ಆರಿಸಿ. ಸೆಟ್ಟಿಂಗ್ಸ್‌ನ Permission manager ಒಳಗೆ SMS ತೆರೆದು ಯಾವ ಯಾವ ಆ್ಯಪ್‌ಗೆ ಅನುಮತಿ ಇದೆ ನೋಡಿ, ಗುರುತಿಲ್ಲದ್ದನ್ನು ತೆಗೆದುಹಾಕಿ. ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ.

ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, cybercrime.gov.in ತಾಣದಲ್ಲಿ ದೂರು ದಾಖಲಿಸಿ. ‘ಒಟಿಪಿ ಬರುತ್ತಿಲ್ಲವೇ, ನಾವು ಸರಿಪಡಿಸುತ್ತೇವೆ’ ಎಂದು ತಾವಾಗಿ ಕರೆ ಮಾಡಿ, ಒಂದು ಕೋಡ್ ಒತ್ತಿ ಅಥವಾ ಪರದೆ ಹಂಚಿಕೊಳ್ಳಿ ಎನ್ನುವವರ ಕರೆಯನ್ನು ಕತ್ತರಿಸಿ. *21* ಅಥವಾ *401* ಎಂದು ಶುರುವಾಗುವ ಕೋಡ್‌ಗಳು ನಿಮ್ಮ ಕರೆಗಳನ್ನು ಬೇರೆಯವರ ಸಂಖ್ಯೆಗೆ ತಿರುಗಿಸುತ್ತವೆ, ಕರೆಯ ಮೂಲಕ ಬರುವ ಒಟಿಪಿ ಆಗ ಅವರ ಕಿವಿಗೆ ಬೀಳುತ್ತದೆ.

## ಹಂತ 6: ದೂರು ಕೊಡುವಾಗ ಕೇಳಬೇಕಾದ ಮಾತು

‘ಒಟಿಪಿ ಬರುತ್ತಿಲ್ಲ’ ಎಂದಷ್ಟೇ ಹೇಳಿದರೆ ಸಿಗುವುದು ಸಿದ್ಧ ಉತ್ತರ. ಬರೆದಿಟ್ಟ ದಿನಾಂಕ, ಸಮಯವನ್ನು ಹೇಳಿ, ಬ್ಯಾಂಕಿನವರನ್ನು ಹೀಗೆ ಕೇಳಿ: ‘ಈ ಸಮಯದ ಸಂದೇಶ ಯಾವ ಹೆಸರಿನಿಂದ ಹೊರಟಿತು? ಅದರ ವಿತರಣಾ ಸ್ಥಿತಿ ಏನೆಂದು ತೋರಿಸುತ್ತಿದೆ?’ ತಲುಪಿದೆ ಎಂದು ದಾಖಲಾಗಿದ್ದರೆ ಹಂತ 3ಕ್ಕೆ ಮರಳಿ, ತಡೆ ನಿಮ್ಮ ಫೋನಿನೊಳಗೇ ಇದೆ. ಫೋನ್ ಸಿಗಲಿಲ್ಲ ಎಂದಿದ್ದರೆ ಹಂತ 4. ಮಾದರಿ ಹೊಂದಲಿಲ್ಲ, ತಿರಸ್ಕೃತ ಎಂದಿದ್ದರೆ ಸರಿಪಡಿಸಬೇಕಾದವರು ಅವರೇ, ಹಾಗೆಂದು ದೂರಿನಲ್ಲಿ ಬರೆಸಿ. ಯಾವ ಹೆಸರು ಯಾವ ಸಂಸ್ಥೆಯದು ಎಂಬ ಅನುಮಾನವಿದ್ದರೆ smsheader.trai.gov.in ತಾಣದಲ್ಲಿ ನೋಡಬಹುದು.

ಮೊಬೈಲ್ ಕಂಪನಿಯ ದೂರಿಗೆ ನಿಮ್ಮ ಸಿಮ್‌ನಿಂದಲೇ 198ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆಯನ್ನು ಕೇಳಿ ಪಡೆಯಿರಿ. ಪರಿಹಾರ ಸಿಗದಿದ್ದರೆ ಆ ಸಂಖ್ಯೆ ಹಿಡಿದು ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಸಲ್ಲಿಸಬಹುದು. ಅಲ್ಲಿಗೆ ಹೋಗುವಾಗ ಬ್ಯಾಂಕಿಗೆ ಕೊಟ್ಟ ದೂರಿನ ಪ್ರತಿ ಮತ್ತು ನಿಮ್ಮ ಸಮಯದ ಪಟ್ಟಿ ಜೊತೆಗಿರಲಿ.